ನಾಲೆಯ ಕೊನೆಯ ಗದ್ದೆಗೂ ಅಷ್ಟೇ ನೀರಿನ ಕರವೇ?

ಮಾನ್ಯ ಸಂಪಾದಕರೇ,

ನೀರಿನ ಕರದ ಮಾತು ಬಂದರೆ ನಮ್ಮೂರ ಕಟ್ಟೆಯ ಮೇಲೆ ಎರಡು ವಾದ ಏಳುತ್ತವೆ. ನೀರು ಬಳಸಿದವನು ಕಟ್ಟಲಿ ಎನ್ನುವುದು ಒಂದು. ಕಟ್ಟುವ ಶಕ್ತಿ ಇದ್ದವನು ಜಾಸ್ತಿ ಕಟ್ಟಲಿ ಎನ್ನುವುದು ಇನ್ನೊಂದು. ಅರ್ಥಶಾಸ್ತ್ರದಲ್ಲಿ ಮೊದಲನೆಯದು ಪ್ರಯೋಜನ ತತ್ವ, ಎರಡನೆಯದು ಪಾವತಿ ಸಾಮರ್ಥ್ಯ ತತ್ವ. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಎರಡು ಎಕರೆ ಗದ್ದೆ ಇರುವ ನನಗೆ, ಈಗಿನ ಪದ್ಧತಿ ಎರಡಕ್ಕೂ ಹೊಂದುತ್ತಿಲ್ಲ ಅನಿಸುತ್ತದೆ.

ಕರ ಬೀಳುವುದು ಎಕರೆ ಮತ್ತು ಬೆಳೆ ನೋಡಿ. ಹರಿದ ನೀರನ್ನು ಅಳೆದು ಅಲ್ಲ. ಲೆಕ್ಕ ಸುಲಭವಾಗಲಿ ಎಂದು ಭತ್ತಕ್ಕೆ ಎಕರೆಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ನಾಲೆಯ ಮೇಲ್ಭಾಗದ ಎರಡು ಎಕರೆಯವರಿಗೆ 200, ನನಗೂ 200. ಅವರ ಗದ್ದೆಗೆ ಸರದಿ ತಪ್ಪದೆ ನೀರು ಬರುತ್ತದೆ. ನನ್ನ ಗದ್ದೆಗೆ ತೆನೆ ಹಾಲು ಕಟ್ಟುವ ಹೊತ್ತಿಗೇ ನಿಲ್ಲುತ್ತದೆ. ಆಗ ಡೀಸೆಲ್ ಎಂಜಿನ್ ಬಾಡಿಗೆಗೆ ತಂದು ಹಳ್ಳದಿಂದ ನೀರೆತ್ತಬೇಕು. ಅರ್ಧ ನೀರು ಸಿಕ್ಕವನು ಅರ್ಧ ಕಟ್ಟಬೇಕು ಎನ್ನುತ್ತದೆ ಪ್ರಯೋಜನ ತತ್ವ. ಫಸಲು ಕಡಿಮೆ, ಖರ್ಚು ಜಾಸ್ತಿ ಆದವನಿಗೆ ಇಳಿಸಿ ಎನ್ನುತ್ತದೆ ಸಾಮರ್ಥ್ಯ ತತ್ವ. ಇಲ್ಲಿ ಎರಡೂ ನನ್ನ ಪರವೇ ಇವೆ, ಅಲ್ವಾ?

ಇವೆರಡೂ ಬೇರೆಯಾಗುವುದು ಮೇಲ್ಭಾಗದಲ್ಲಿ. ಅಲ್ಲಿ ಹತ್ತು ಎಕರೆ ಅಡಿಕೆ ತೋಟದ ಯಜಮಾನರಿದ್ದಾರೆ. ಪಕ್ಕದಲ್ಲೇ ಒಂದು ಎಕರೆ ಭತ್ತದ ವಿಧವೆ ತಾಯಿ ಇದ್ದಾರೆ. ಇಬ್ಬರೂ ಎಕರೆಗೆ ಒಂದೇ ಅಳತೆಯ ನೀರು ಪಡೆದರೆ, ಪ್ರಯೋಜನದ ಲೆಕ್ಕದಲ್ಲಿ ಎಕರೆಗೆ ಒಂದೇ ದರ. ಸಾಮರ್ಥ್ಯದ ಲೆಕ್ಕದಲ್ಲಿ ಆ ತಾಯಿಗೆ ಕಡಿಮೆಯಾಗಬೇಕು. ಆದರೆ ರೈತರ ಆದಾಯದ ಸರಿಯಾದ ದಾಖಲೆ ಎಲ್ಲಿದೆ? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಅಲ್ಲಿ ನೋಡಲು ಪುಸ್ತಕವೇ ಇಲ್ಲ. ಪಹಣಿಯಲ್ಲಿ ಎಕರೆ ಇರುತ್ತದೆ, ಸಾಲ ಇರುತ್ತದೆ, ಆದಾಯ ಇರುವುದಿಲ್ಲ.

ಪ್ರಯೋಜನವನ್ನು ಅಳೆಯದೆ ಕಾಗದದ ಮೇಲೆ ಊಹಿಸಿದರೆ ಏನಾಗುತ್ತದೆ ಎಂದು ನರಗುಂದ, ನವಲಗುಂದದವರಿಗೆ ಗೊತ್ತು. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ ಎಂದು ಮಲಪ್ರಭಾ ಅಚ್ಚುಕಟ್ಟಿನಲ್ಲಿ ಅಭಿವೃದ್ಧಿ ಕರ ಹಾಕಿದ್ದರು. ನೀರು ಸರಿಯಾಗಿ ತಲುಪದವರೂ ಕಟ್ಟಬೇಕಿತ್ತು. 1980ರಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು.

ನನ್ನ ಅಭಿಪ್ರಾಯ ಇಷ್ಟು. ನಾಲೆಯ ಹೂಳು ತೆಗೆಯುವ, ತೂಬು ದುರಸ್ತಿ ಮಾಡುವ ವರ್ಷದ ಖರ್ಚನ್ನು ನೀರು ಪಡೆದವರೇ ಕೊಡಲಿ. ಪ್ರತಿ ತೂಬಿಗೆ ಅಳತೆ ಪಟ್ಟಿ ಹಾಕಿ, ಹರಿದಷ್ಟು ನೀರಿಗೆ ನೀರು ಬಳಕೆದಾರರ ಸಂಘಕ್ಕೆ ಬಿಲ್ ಕೊಡಲಿ. ಸಂಘ ಅದನ್ನು ಸರದಿಯ ಗಂಟೆ ನೋಡಿ ಹಂಚಲಿ. ಮೇಲೆ ಯಾರಾದರೂ ರಾತ್ರಿ ಪಂಪ್ ಇಟ್ಟು ನೀರೆಳೆದರೆ, ಕೆಳಗಿನ ಪಟ್ಟಿಯಲ್ಲಿ ಮಟ್ಟ ಇಳಿದದ್ದು ಬೆಳಿಗ್ಗೆ ಕಣ್ಣಿಗೇ ಕಾಣುತ್ತದೆ. ಅಣೆಕಟ್ಟು ಕಟ್ಟಿದ ಹಣ ಬೇರೆ ಮಾತು. ಇಲ್ಲಿ ಬೆಳೆದ ಅಕ್ಕಿಯನ್ನು ಎಲ್ಲ ಊರಿನವರೂ ಉಣ್ಣುತ್ತಾರೆ. ಆ ಭಾರವನ್ನು ಶಕ್ತಿಗೆ ತಕ್ಕಂತೆ ಎಲ್ಲರೂ ಕಟ್ಟುವ ತೆರಿಗೆಯೇ ಹೊರಬೇಕು.

ನಮ್ಮ ಭಾಗದ ತೂಬುಗಳಿಗೆ ಮುಂದಿನ ಬೇಸಿಗೆ ಬೆಳೆಗೆ ನೀರು ಬಿಡುವ ಮೊದಲೇ ಅಳತೆ ಪಟ್ಟಿ ಹಾಕಿಸಬೇಕೆಂದು ನೀರಾವರಿ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

– ಕೊನೆ ಭಾಗದ ಒಬ್ಬ ರೈತ, ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ