ಸಿಆರ್‌ಆರ್ ನೆಪ ಹೇಳಿ ಬೆಳೆಗಾರರನ್ನು ಓಡಿಸಬೇಡಿ

ಮಾನ್ಯ ಸಂಪಾದಕರೇ,

ಸಾಲ ವಿತರಣೆ ಬಗ್ಗೆ ನಡೆದ ಸಭೆಯ ವರದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಠೇವಣಿಯ ದೊಡ್ಡ ಪಾಲನ್ನು ರಿಸರ್ವ್ ಬ್ಯಾಂಕ್ ಕಟ್ಟಿಹಾಕಿದೆ, ಹಾಗಾಗಿ ಸಾಲ ಕೊಡಲು ಕೈಯಲ್ಲಿ ಹಣವಿಲ್ಲ’ ಎಂದು ಬ್ಯಾಂಕ್ ಅಧಿಕಾರಿಯೊಬ್ಬರು ಹೇಳಿದ್ದಾರೆ. ಓದಿ ಮೈಯೆಲ್ಲಾ ಉರಿದುಹೋಯಿತು. ಅದರ ಹಿಂದಿನ ದಿನವೇ ನಮ್ಮ ಬ್ಯಾಂಕಿನ ಮ್ಯಾನೇಜರ್ ಇದೇ ಮಾತು ಹೇಳಿ ನನ್ನನ್ನು ವಾಪಸ್ ಕಳಿಸಿದ್ದರು.

ನನ್ನದು ಸಿದ್ದಾಪುರದ ಹತ್ತಿರ ಐದು ಎಕರೆ ರೋಬಸ್ಟಾ ತೋಟ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಇಟ್ಟು ಹೂ ಬಿಡಿಸಬೇಕು. ಇಪ್ಪತ್ತು ದಿನ ಬಿಟ್ಟು ಮತ್ತೊಂದು ನೀರು ಕೊಡಬೇಕು. ತಡವಾದರೆ ಮೊಗ್ಗು ಗಿಡದಲ್ಲೇ ಒಣಗುತ್ತದೆ. ನನ್ನ ಪೈಪ್‌ಗಳಲ್ಲಿ ಅರ್ಧದಷ್ಟನ್ನು ಆನೆಗಳು ತುಳಿದು ಚಪ್ಪಟೆ ಮಾಡಿವೆ. ಮೋಟಾರು ಸುಟ್ಟಿದೆ. ಅದಕ್ಕೇ ಬೆಳೆ ಸಾಲದ ಮಿತಿಯನ್ನು ಎರಡು ಲಕ್ಷ ಜಾಸ್ತಿ ಮಾಡಿಕೊಡಿ ಎಂದು ಕೇಳಿದ್ದೆ. ಮೊದಲ ಸಲ ಹೋದಾಗ ಪಹಣಿ ಹೊಸದು ಬೇಕು ಎಂದರು. ಎರಡನೇ ಸಲ ಸರ್ವರ್ ಡೌನ್. ಮೂರನೇ ಸಲ ಮ್ಯಾನೇಜರ್ ಮಡಿಕೇರಿಗೆ ಮೀಟಿಂಗ್‌ಗೆ ಹೋಗಿದ್ದರು. ನಾಲ್ಕನೇ ಸಲ ಹನ್ನೊಂದು ಗಂಟೆಯಿಂದ ಊಟದ ಹೊತ್ತಿನವರೆಗೆ ಬೆಂಚಿನ ಮೇಲೆ ಕೂರಿಸಿದರು. ಅಷ್ಟು ಹೊತ್ತೂ ತೋಟದಲ್ಲಿ ಕಾಫಿ ಕುಯ್ಯುವವರನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಕೊನೆಗೆ ಒಳಗೆ ಕರೆದು, ‘ಸಾರ್, ಸಿಆರ್‌ಆರ್, ಎಸ್‌ಎಲ್‌ಆರ್ ಅಂತ ಎಷ್ಟು ಇಡಬೇಕು ಗೊತ್ತಾ? ಬ್ರಾಂಚ್‌ನಲ್ಲಿ ಫಂಡ್ ಇಲ್ಲ’ ಎಂದರು. ಹೇಳುವಾಗ ಹಿಂದಿದ್ದ ಕ್ಯಾಶ್ ರೂಮಿನ ಬಾಗಿಲ ಕಡೆ ಬೇರೆ ಕೈ ತೋರಿಸಿದರು.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ ಬೇರೆ ಬೆಳೆಗಾರ ಕೇಳಿದ್ದರೆ ದೊಡ್ಡ ಕಾನೂನು ಏನೋ ಇರಬೇಕು ಎಂದುಕೊಂಡು ಸುಮ್ನೆ ಮನೆಗೆ ಹೋಗುತ್ತಿದ್ದ. ಅದಕ್ಕೇ ಈ ಪತ್ರ.

ಮೊದಲು ಆ ಕ್ಯಾಶ್ ರೂಮಿನ ವಿಷಯ. ನಗದು ಮೀಸಲು, ಅಂದರೆ ಸಿಆರ್‌ಆರ್ ಹಣ, ಯಾವ ಶಾಖೆಯ ತಿಜೋರಿಯಲ್ಲೂ ಇರುವುದಿಲ್ಲ. ಇಡೀ ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿಯನ್ನು ಒಟ್ಟು ಹಾಕಿ, ಅದರ ಇಂತಿಷ್ಟು ಪಾಲನ್ನು ಬ್ಯಾಂಕಿನ ಕೇಂದ್ರ ಕಚೇರಿಯು ರಿಸರ್ವ್ ಬ್ಯಾಂಕಿನಲ್ಲಿರುವ ತನ್ನ ಖಾತೆಯಲ್ಲಿ ಇಡುತ್ತದೆ. ಶಾಖೆಯ ತಿಜೋರಿಯ ನೋಟು ಸಿಆರ್‌ಆರ್ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಬರುವುದು ಎಸ್‌ಎಲ್‌ಆರ್ ಲೆಕ್ಕಕ್ಕೆ. ಎಸ್‌ಎಲ್‌ಆರ್ ಎಂದರೆ ಬ್ಯಾಂಕು ನಗದು, ಚಿನ್ನ ಅಥವಾ ಸರ್ಕಾರಿ ಬಾಂಡ್ ರೂಪದಲ್ಲಿ ತನ್ನ ಬಳಿಯೇ ಇಟ್ಟುಕೊಳ್ಳಬೇಕಾದ ಪಾಲು. ಮುಕ್ಕಾಲು ಮೂರು ಪಾಲು ಬಾಂಡೇ ಇರುತ್ತದೆ. ಇದನ್ನೂ ಶಾಖೆ ಶಾಖೆಗೆ ಅಂತ ಲೆಕ್ಕ ಹಾಕುವುದಿಲ್ಲ. ‘ನಮ್ಮ ಬ್ರಾಂಚ್‌ಗೆ ಸಿಆರ್‌ಆರ್ ಹೊರೆ’ ಎನ್ನುವ ಮಾತಿಗೆ ಅರ್ಥವೇ ಇಲ್ಲ.

ಇನ್ನು ಎಷ್ಟು ಎಂಬುದು. ನಾನು ಕಾಫಿ, ಕರಿಮೆಣಸು ಮಾರಿ ಹತ್ತು ಲಕ್ಷ ಠೇವಣಿ ಇಟ್ಟೆ ಎಂದುಕೊಳ್ಳಿ. ಸಿಆರ್‌ಆರ್ ಶೇ 3. ಮೂವತ್ತು ಸಾವಿರ ರಿಸರ್ವ್ ಬ್ಯಾಂಕಿಗೆ ಹೋಯಿತು. ಅದಕ್ಕೆ ಬ್ಯಾಂಕಿಗೆ ಒಂದು ಪೈಸೆ ಬಡ್ಡಿ ಸಿಗುವುದಿಲ್ಲ. 2007ರಿಂದ ಅದು ನಿಂತಿದೆ. ಎಸ್‌ಎಲ್‌ಆರ್ ಶೇ 18. ಒಂದು ಲಕ್ಷ ಎಂಬತ್ತು ಸಾವಿರ ಸರ್ಕಾರಿ ಬಾಂಡಿಗೆ ಹೋಯಿತು. ಇದಕ್ಕೆ ಬಡ್ಡಿ ಬರುತ್ತದೆ. ಉಳಿದದ್ದು ಏಳು ಲಕ್ಷ ತೊಂಬತ್ತು ಸಾವಿರ. ಇದನ್ನು ಸಾಲ ಕೊಡಲು ಈ ಎರಡು ನಿಯಮಗಳ ಅಡ್ಡಿ ಇಲ್ಲ. ಹತ್ತರಲ್ಲಿ ಸುಮಾರು ಎಂಟು ಕೈಯಲ್ಲಿರುವಾಗ ‘ಕಟ್ಟಿಹಾಕಿದೆ’ ಎನ್ನುವುದು ಸರಿಯಾ?

ಕಟ್ಟಿಹಾಕಿದ ಕಾಲವನ್ನು ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. 1991ರಲ್ಲಿ ಸಿಆರ್‌ಆರ್ ಶೇ 15 ಇತ್ತು, ಎಸ್‌ಎಲ್‌ಆರ್ ಶೇ 38.5. ಅದೇ ಹತ್ತು ಲಕ್ಷದಲ್ಲಿ ಐದು ಲಕ್ಷ ಮೂವತ್ತೈದು ಸಾವಿರ ಆಚೆ ಹೋಗಿ, ಸಾಲಕ್ಕೆ ಉಳಿಯುತ್ತಿದ್ದದ್ದು ನಾಲ್ಕು ಲಕ್ಷ ಅರವತ್ತೈದು ಸಾವಿರ. ಆಗಲೂ ನಮ್ಮ ಮ್ಯಾನೇಜರು ಜೀಪು ಹತ್ತಿ ತೋಟಕ್ಕೆ ಬಂದು, ಕಣದಲ್ಲಿ ಒಣಗುತ್ತಿದ್ದ ಚೆರ್ರಿಯನ್ನು ಕೈಯಲ್ಲಿ ಹಿಡಿದು ನೋಡಿ ಸಾಲ ಬರೆಯುತ್ತಿದ್ದರು.

ನೋಟು ರದ್ದತಿಯ ಸಮಯದಲ್ಲೂ ಈ ಮಾತು ಹೇಳಿದ್ದರೆ ಒಪ್ಪುತ್ತಿದ್ದೆ. 2016ರ ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಎಷ್ಟು ಠೇವಣಿ ಜಾಸ್ತಿಯಾಯಿತೋ ಅಷ್ಟನ್ನೂ, ನೂರಕ್ಕೆ ನೂರು, ರಿಸರ್ವ್ ಬ್ಯಾಂಕಿನಲ್ಲಿಡಿ ಎಂದು ಆಗ ಆದೇಶ ಬಂದಿತ್ತು. ಬ್ಯಾಂಕಿಗೆ ಹಣ ಬಂದು ಬೀಳುತ್ತಿತ್ತು, ಸಾಲ ಕೊಡಲು ಸಿಗುತ್ತಿರಲಿಲ್ಲ. ಅದೂ ಕೆಲವೇ ದಿನ, ಡಿಸೆಂಬರ್‌ನಲ್ಲಿ ವಾಪಸ್ ತೆಗೆದರು. 2022ರ ಮೇ ತಿಂಗಳಲ್ಲಿ ಸಿಆರ್‌ಆರ್ ಅನ್ನು ಶೇ 4ರಿಂದ 4.5ಕ್ಕೆ ಏರಿಸಿದಾಗ ಹೇಳಿದ್ದರೂ ಒಂದು ಲೆಕ್ಕ. ಬೆಲೆ ಏರಿಕೆ ಜಾಸ್ತಿ ಆದಾಗ ಬ್ಯಾಂಕುಗಳ ಕೈಯಿಂದ ಸ್ವಲ್ಪ ಹಣ ಹಿಂದಕ್ಕೆ ಎಳೆಯಲು ಇರುವ ಹಗ್ಗ ಅದು.

ಈಗ ಆಗಿರುವುದು ಉಲ್ಟಾ. ಹಗ್ಗ ಸಡಿಲ ಮಾಡಿದ್ದಾರೆ. 2024ರ ಡಿಸೆಂಬರ್‌ನಲ್ಲಿ 4.5ರಿಂದ 4ಕ್ಕೆ ಇಳಿಸಿದರು. 2025ರಲ್ಲಿ ಸೆಪ್ಟೆಂಬರ್ 6, ಅಕ್ಟೋಬರ್ 4, ನವೆಂಬರ್ 1, ನವೆಂಬರ್ 29 ಹೀಗೆ ನಾಲ್ಕು ಕಂತಿನಲ್ಲಿ ಕಾಲು ಕಾಲು ಪರ್ಸೆಂಟ್ ಇಳಿಸಿ 3ಕ್ಕೆ ತಂದರು. ಇದರಿಂದ ಬ್ಯಾಂಕುಗಳ ಕೈಗೆ ಸುಮಾರು ಎರಡೂವರೆ ಲಕ್ಷ ಕೋಟಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ನನ್ನ ಹತ್ತು ಲಕ್ಷದಲ್ಲಿ ಈ ನಾಲ್ಕು ಕಂತಿನಿಂದ ಬಿಡುಗಡೆಯಾದದ್ದು ಹತ್ತು ಸಾವಿರ. ಸಣ್ಣದು ಅನ್ನಿಸಬಹುದು. ಆದರೆ ಬ್ಯಾಂಕು ಕೊಟ್ಟ ಸಾಲ ಪೈಪಿನ ಅಂಗಡಿಯವನಿಗೆ ಹೋಗುತ್ತದೆ, ಅವನು ಅದನ್ನು ಮತ್ತೆ ಬ್ಯಾಂಕಿಗೇ ಹಾಕುತ್ತಾನೆ, ಅದರಿಂದ ಇನ್ನೊಬ್ಬನಿಗೆ ಸಾಲ ಹುಟ್ಟುತ್ತದೆ. ಹೀಗೆ ಸುತ್ತು ಹೊಡೆದು ಹತ್ತು ಸಾವಿರ ದೊಡ್ಡದಾಗುತ್ತದೆ. ಕೊಡುವವರು ಕೊಟ್ಟರೆ! ಮೀಸಲು ಇಳಿಸುವುದು ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ. ಉಳಿದ ಹಣವನ್ನು ಸಿದ್ದಾಪುರದ ಬೆಳೆಗಾರನಿಗೇ ಕೊಡಿ ಎಂದು ಸಿಆರ್‌ಆರ್ ಯಾರಿಗೂ ಹೇಳುವುದಿಲ್ಲ.

ಎಸ್‌ಎಲ್‌ಆರ್ ವಿಷಯ ಇನ್ನೂ ಸ್ಪಷ್ಟ. ಕಡ್ಡಾಯ ಇರುವುದು 18. ಆದರೆ ಒಟ್ಟಾರೆ ನಮ್ಮ ಬ್ಯಾಂಕುಗಳು ಅದಕ್ಕಿಂತ ಎಷ್ಟೋ ಜಾಸ್ತಿ ಸರ್ಕಾರಿ ಬಾಂಡ್ ಇಟ್ಟುಕೊಂಡಿವೆ. ಬಾಂಡಿನಲ್ಲಿ ಸಾಲ ಮುಳುಗುವ ಭಯವಿಲ್ಲ. ತುರ್ತಿಗೆ ಅಡ ಇಟ್ಟು ಹಣ ಎತ್ತಬಹುದು. ತುರ್ತು ಕಾಲಕ್ಕೆ ಇಷ್ಟು ಇರಲಿ ಎಂಬ ಬೇರೆ ನಿಯಮವೂ ಇದೆ, ಒಪ್ಪುತ್ತೇನೆ. ಆದರೆ 18ರ ಮೇಲೆ ಇಟ್ಟದ್ದಕ್ಕೆ ಎಸ್‌ಎಲ್‌ಆರ್ ಹೆಸರು ಹೇಳಬಾರದು. ಅನುಮಾನ ಇರುವವರು ತಮ್ಮ ಬ್ಯಾಂಕಿನ ವಾರ್ಷಿಕ ವರದಿ ತೆಗೆದು ನೋಡಲಿ. ಮೂರನೇ ಷೆಡ್ಯೂಲಿನಲ್ಲಿ ಒಟ್ಟು ಠೇವಣಿ ಇರುತ್ತದೆ. ಎಂಟನೆಯದರಲ್ಲಿ ಹೂಡಿಕೆ, ಅದರೊಳಗೆ ಸರ್ಕಾರಿ ಬಾಂಡಿನ ಸಾಲು ಬೇರೆಯಾಗಿಯೇ ಇರುತ್ತದೆ. ಬಾಂಡಿನ ಅಂಕಿಯನ್ನು ಠೇವಣಿಯಿಂದ ಭಾಗಿಸಿದರೆ ಸಾಕು. ಪಕ್ಕಾ ಲೆಕ್ಕ ಅಲ್ಲದಿದ್ದರೂ 18ರ ಹತ್ತಿರ ಇದೆಯೋ, ಬಹಳ ಮೇಲಿದೆಯೋ ಎಂಬುದು ಗೊತ್ತಾಗುತ್ತದೆ.

ಇನ್ನೊಂದು 18 ಇದೆ. ಬ್ಯಾಂಕು ಕೊಡುವ ಒಟ್ಟು ಸಾಲದ ಲೆಕ್ಕದಲ್ಲಿ ಶೇ 18ರಷ್ಟು ಕೃಷಿಗೆ ಹೋಗಬೇಕು ಎಂಬ ಗುರಿ. ಗುರಿ ಮುಟ್ಟದಿದ್ದರೆ ಕೊರತೆಯ ಹಣವನ್ನು ನಬಾರ್ಡ್‌ನಲ್ಲಿರುವ ನಿಧಿಗಳಿಗೆ ಕಡಿಮೆ ಬಡ್ಡಿಗೆ ಹಾಕಿಸುತ್ತಾರೆ. ಬಾಂಡಿನ 18 ನೆನಪಿರುವ ಮ್ಯಾನೇಜರಿಗೆ ಕೃಷಿಯ 18 ಯಾಕೆ ನೆನಪಿಗೆ ಬರಲಿಲ್ಲ?

ನಿಜವಾದ ಕಾರಣ ನನಗೆ ಗೊತ್ತು. ಮೇಲಿನ ಕಚೇರಿಯಿಂದ ‘ಕಾಫಿ ಸಾಲದಲ್ಲಿ ಹುಷಾರು’ ಎಂದು ಬಾಯಿಮಾತಿನ ಸೂಚನೆ ಬಂದಿರುತ್ತದೆ. ಅಥವಾ ಮಿತಿ ಜಾಸ್ತಿ ಮಾಡುವ ಅಧಿಕಾರ ಶಾಖೆಗೆ ಇರುವುದಿಲ್ಲ, ಫೈಲು ಮೇಲೆ ಕಳಿಸಿ ಪ್ರಶ್ನೆಗೆ ಉತ್ತರ ಬರೆಯುವ ಕೆಲಸ ಯಾರಿಗೂ ಬೇಡ. ಅದನ್ನೇ ಹೇಳಲಿ. ‘ನಿಮ್ಮ ಹಳೇ ಸಾಲದ ಕಂತು ತಡವಾಗಿತ್ತು, ಅದಕ್ಕೆ ಕೊಡಲ್ಲ’ ಎಂದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಹೇಳಬಾರದು. ಕಂತು ತಪ್ಪಿದಾಗ ತೋಟ ಹರಾಜಿಗೆ ಹಾಕಲು ಸರ್ಫೇಸಿ ಕಾಯ್ದೆ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಾಲ ಕೊಡುವಾಗ ಮಾತ್ರ ಕಾಯ್ದೆ ಮರೆತುಹೋಗುತ್ತದೆ.

ಬ್ಯಾಂಕಿನವರನ್ನೇ ಯಾಕೆ ಅನ್ನಲಿ. ಪಹಣಿಗೆ ಅಂತ ನಾಡಕಚೇರಿಗೆ ಹೋದರೆ ಜಮ್ಮಾ ಬಾಣೆ ಇನ್ನೂ ನಮ್ಮ ತಾತನ ಹೆಸರಿನಲ್ಲೇ ಇದೆ. ಅವರು ತೀರಿಕೊಂಡು ನಲವತ್ತು ವರ್ಷ ಆಯಿತು. ತಿದ್ದುಪಡಿಗೆ ಅರ್ಜಿ ಕೊಟ್ಟು ನಾನೂ ಮುದುಕನಾದೆ. ಆನೆ ತುಳಿದ ಪೈಪಿಗೆ ಪರಿಹಾರ ಕೇಳಿದರೆ, ಆನೆಯ ಹೆಜ್ಜೆ ಕಾಣುವ ಫೋಟೋ ತನ್ನಿ ಎಂದರು. ರಾತ್ರಿ ಎರಡು ಗಂಟೆಗೆ ತೋಟದೊಳಗೆ ಯಾರು ಹೋಗುತ್ತಾರೆ? ಬೆಳಿಗ್ಗೆ ಹೋಗಿ ತೆಗೆದುಕೊಟ್ಟೆ, ಹೆಜ್ಜೆ ಸ್ಪಷ್ಟ ಇಲ್ಲ ಎಂದರು. ಲೈನ್‌ಮನ್‌ಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಪಂಪ್‌ಸೆಟ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಬ್ಯಾಂಕಿನ ಮೇಲಧಿಕಾರಿಗಳು ಸಿಆರ್‌ಆರ್, ಎಸ್‌ಎಲ್‌ಆರ್ ಎಂದರೇನು ಎಂದು ಮೊದಲು ತಮ್ಮ ಶಾಖೆಯವರಿಗೆ ಹೇಳಿಕೊಡಲಿ. ಸಾಲ ನಿರಾಕರಿಸಿದರೆ ಕಾರಣವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಲಿ. ಜಿಲ್ಲಾಡಳಿತವೂ ಈ ಬಗ್ಗೆ ಏನಾದರೂ ಮಾಡಲಿ, ಸಭೆ ಮಾಡಿ ಟೀ ಕುಡಿದು ಎದ್ದು ಹೋಗುವುದನ್ನು ಬಿಡಲಿ. ಹೂಮಳೆ ಇನ್ನೂ ಬಂದಿಲ್ಲ. ನನ್ನ ಗಿಡಗಳಲ್ಲಿ ಮೊಗ್ಗು ಕಡ್ಡಿಯಂತೆ ನಿಂತಿದೆ, ಮೋಟಾರು ರಿಪೇರಿ ಅಂಗಡಿಯಲ್ಲಿ ಬಿದ್ದಿದೆ. ಫಂಡ್ ಇಲ್ಲ ಎಂದವರು ಒಂದು ಸಲ ತೋಟಕ್ಕೆ ಬಂದು ನೋಡಿ ಆ ಮಾತು ಹೇಳಲಿ. ನಾಚಿಕೆಯಾಗಬೇಕು ಇವರಿಗೆ.

ಇತಿ,
ಒಬ್ಬ ಕಾಫಿ ಬೆಳೆಗಾರ, ನಿವೃತ್ತ ಬ್ಯಾಂಕ್ ಉದ್ಯೋಗಿ
ಸಿದ್ದಾಪುರ, ಕೊಡಗು