ನಿದ್ದಿ ಬಿಟ್ಟು ಬೊಜ್ಜು ಕರಗಸ್ಲಾಕ ಹೊಂಟವನಿಗೆ

ಚಿರಂಜೀವಿ ಬಸವರಾಜಗ ಕಾಕಾ ಮಾಡುವ ಆಶೀರ್ವಾದ.

ತೂಕ ಮೂರು ಕಿಲೋ ಇಳಿದದ, ಆದ್ರ ಪ್ಯಾಂಟು ಹಂಗೇ ಬಿಗಿ ಅಂತ ಫೋನಿನ್ಯಾಗ ಅಂದಿ. ಅನ್ನ ಬಿಟ್ಟೀನಿ, ರೊಟ್ಟಿ ಎರಡಕ್ಕ ಇಳಿಸೀನಿ, ಇನ್ನೇನು ಬಿಡ್ಲಿ ಅಂತ ಕೇಳ್ದಿ. ಊಟದಾಗ ಇನ್ನ ಏನೂ ಬಿಡಬ್ಯಾಡ. ಪರೀಕ್ಷಾದ ಚಿಂತಿಯೊಳಗ ರಾತ್ರಿ ಎರಡರ ತನಕ ಓದಿ, ಮುಂಜಾನಿ ಏಳಕ್ಕ ಏಳ್ತಿ. ನಿನ್ನ ತೊಂದ್ರಿ ಇರೋದು ಅಲ್ಲಿ.

2010ರಾಗ ಶಿಕಾಗೋ ವಿಶ್ವವಿದ್ಯಾಲಯದವರದು ಒಂದು ಅಧ್ಯಯನ ಬಂತು. ತೂಕ ಹೆಚ್ಚಿದ್ದ 10 ಮಂದಿಗೆ ಊಟ ಕಮ್ಮಿ ಮಾಡಿ, ಎರಡು ವಾರ ರಾತ್ರಿ ಎಂಟೂವರೆ ತಾಸು, ಇನ್ನೆರಡು ವಾರ ಐದೂವರೆ ತಾಸು ಮಾತ್ರ ಮಲಗಲಾಕ ಬಿಟ್ಟರು. ಎರಡೂ ಸಲ ತೂಕ ಇಳಿದದ್ದು ಹೆಚ್ಚುಕಮ್ಮಿ 3 ಕಿಲೋನೇ. ಆದ್ರ ನಿದ್ದಿ ಸಾಕಷ್ಟು ಇದ್ದಾಗ ಅದರಾಗ 1.4 ಕಿಲೋ ಕೊಬ್ಬು. ನಿದ್ದಿಗೆಟ್ಟಾಗ ಕೊಬ್ಬು ಬರೇ 0.6 ಕಿಲೋ. ಉಳಿದದ್ದು ಮಾಂಸಖಂಡ, ನೀರು ಇಂಥದ್ದು. ಹತ್ತೇ ಮಂದಿ, ಸಣ್ಣ ಅಧ್ಯಯನ ಖರೆ. ಆದ್ರ ನಿನ್ನ ಪ್ಯಾಂಟು ಹೇಳೋದೂ ಇದನ್ನೇ. ಅದಕ್ಕ ತೂಕದ ಯಂತ್ರ ಒಂದನ್ನೇ ನಂಬಬ್ಯಾಡ. ವಾರಕ್ಕೊಮ್ಮೆ ಮುಂಜಾನಿ ಬರಿ ಹೊಟ್ಟಿಲೆ ಹೊಕ್ಕಳ ಮಟ್ಟಕ್ಕ ಟೇಪು ಹಿಡಿದು ಬರೆದಿಡು.

ಇನ್ನ ರಾತ್ರಿ ಓದುವಾಗ ನೀ ತಿನ್ನುವ ಚುಡುವಾ, ಶೇಂಗಾ. ನಿದ್ದಿ ಕಮ್ಮಿಯಾದ್ರ ಹಸಿವು ಎಬ್ಬಿಸುವ ಘ್ರೆಲಿನ್ ಅನ್ನೋ ಹಾರ್ಮೋನು ಏರ್ತದ, ಚಿಂತಿಗೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರ್ತದ. ಆಗ ಬಾಯಿ ಕೇಳೋದು ಉಪ್ಪು, ಎಣ್ಣಿ, ಸಿಹಿ. ನಡುರಾತ್ರಿ ಪುಸ್ತಕದ ಮ್ಯಾಲ ಕಣ್ಣಿಟ್ಟು ಡಬ್ಬಿಯೊಳಗ ಕೈ ಹಾಕಿದ್ರ, 50 ಗ್ರಾಂ ಹುರಿದ ಶೇಂಗಾ ಯಾವಾಗ ಖಾಲಿ ಆತು ಗೊತ್ತೇ ಆಗಂಗಿಲ್ಲ. ಅಷ್ಟರಾಗ ಹೆಚ್ಚುಕಮ್ಮಿ 290 ಕ್ಯಾಲೊರಿ ಅದ. ಹಗಲು ಹೊಟ್ಟಿ ಕಟ್ಟಿ ಎರಡು ರೊಟ್ಟಿ ಬಿಟ್ಟಿದ್ದು ಅಲ್ಲಿಗೇ ಸರಿಹೋತು. ಮರುದಿನ ಚುಡುವಾದ ಉಪ್ಪಿಗೆ ಮೈಯಾಗ ನೀರು ನಿಂತು ತೂಕ ಏರಿದ್ರ, ಕೊಬ್ಬು ಬೆಳೀತು ಅಂತ ಗಾಬರಿಯಾಗಿ ಮತ್ತ ಊಟ ಬಿಡಬ್ಯಾಡ. ಎರಡು ದಿನಕ್ಕ ಆ ನೀರು ಇಳಿತದ.

ಇಷ್ಟು ಮಾಡು. ರಾತ್ರಿ ಎಂಟೂವರೆಗೆ ಹೊಟ್ಟಿತುಂಬ ಉಣ್ಣು, ಗಟ್ಟಿ ತೊಗರಿಬ್ಯಾಳಿ, ಪಲ್ಯ ಇರಲಿ. ಬಿಟ್ಟ ಮೂರನೇ ರೊಟ್ಟಿ ಬೇಕಂದ್ರ ತಿನ್ನು; ರಾತ್ರಿ ಒಂದು ಗಂಟೆಗೆ ತಿನ್ನುವ ಶೇಂಗಾಕ್ಕಿಂತ ಅದೇ ಸೋವಿ. ಚಹಾ ನಾಲ್ಕು ಗಂಟೆಗೇ ಕೊನಿ, ಅದರ ಕೆಫೀನ್ ಅರ್ಧ ಇಳಿಲಾಕೇ ಐದಾರು ತಾಸು ಬೇಕು. ಹನ್ನೊಂದಕ್ಕ ದೀಪ ಆರಿಸಿ, ಉಳಿದ ಪಾಠ ಮುಂಜಾನಿ ಎದ್ದು ಓದು. ಡಬ್ಬಿ ರೂಮಿನ್ಯಾಗ ಇಡಲೇಬ್ಯಾಡ. ಖರೇನೇ ಹಸಿವಾದ್ರ ಒಂದು ಗ್ಲಾಸು ಮಜ್ಜಿಗಿ ಕುಡಿ.

ಜೋರು ಗೊರಕಿ ಹೊಡೆದು ನಡುವ ಉಸಿರು ನಿಂತಂಗ ಆಗ್ತದ ಅಂತ ನಿನ್ನ ರೂಮಿನ ಗೆಳೆಯ ಹೇಳಿದ್ದನ್ನ ನಿನ್ನವ್ವ ನನಗಂದ್ಳು. ಅದು ಲಗೂ ಮಲಗೋದ್ರಿಂದ ಹೋಗುವಂಥದ್ದಲ್ಲ. ಈ ವಾರವೇ ಕಲಬುರಗಿಯಾಗ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರ್ಸು.

ನಿನ್ನ ಕಾಕಾ