ಮಗಳಿಗೊಂದು ಪತ್ರ: ಕಣ್ಣಿಗೆ ತುಳಸಿ ರಸ ಬಿಡಬೇಡ

ಪ್ರೀತಿಯ ಮಗಳೇ,

ಪುಟ್ಟನ ಕಣ್ಣು ಕೆಂಪಾಗಿದೆ, ಅತ್ತೆ ತುಳಸಿ ರಸ ಬಿಡೋಣ ಅಂತಾರೆ, ಪಕ್ಕದ ಮನೆಯವರು ರೋಸ್ ವಾಟರ್ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಎರಡೂ ಬೇಡ. ಜೇನುತುಪ್ಪವೂ ಬೇಡ. ಅತ್ತೆಯ ಜೊತೆ ವಾದ ಮಾಡೋದು ನಿನಗೆ ಕಷ್ಟ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅವರಿಗೂ ಓದಲು ಕೊಡು.

ಅವರು ಸುಳ್ಳು ಹೇಳುತ್ತಿಲ್ಲ. ಹಿಂದೆ ಬಿಟ್ಟಿದ್ದಾರೆ, ವಾಸಿಯೂ ಆಗಿದೆ. ಆದರೆ ಮದ್ರಾಸ್ ಐ ಹೆಚ್ಚಾಗಿ ವೈರಸ್‌ನಿಂದ ಬರುವಂಥದ್ದು. ಏನೂ ಹಾಕದಿದ್ದರೂ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಹೆಸರು ಮಾತ್ರ ತುಳಸಿಗೆ! ತೊಂದರೆ ಏನೆಂದರೆ, ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ.

ಕಣ್ಣಾಸ್ಪತ್ರೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಸ್ಲೈಡು ನೋಡಿದವಳು ನಾನು. ಅಲ್ಲಿಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. ಕೆಲಸ ಮಾಡುವಾಗ ಒಣ ಎಲೆಯ ಅಂಚು ಅವರ ಕಣ್ಣಿಗೆ ತಾಗಿತ್ತು. ಕಪ್ಪುಗುಡ್ಡೆಯ ಮುಂದೆ ಗಾಜಿನ ಹಾಗೆ ತಿಳಿಯಾದ ಕಾರ್ನಿಯಾ ಇರುತ್ತದಲ್ಲ, ಅದರ ಮೇಲ್ಪದರದಲ್ಲಿ ಸಣ್ಣ ಗೀರು. ಆ ಪದರ ಬಲು ತೆಳು, ಆದರೆ ಪೂರ್ತಿಯಾಗಿದ್ದರೆ ಹೆಚ್ಚಿನ ರೋಗಾಣುಗಳು ಒಳಗೆ ಹೋಗಲಾರವು. ಸುಮ್ನೆ ಬಿಟ್ಟಿದ್ದರೂ ಅಂಥ ಗೀರು ಎಷ್ಟೋ ಸಲ ಒಂದೆರಡು ದಿನದಲ್ಲಿ ಕೂಡಿಕೊಳ್ಳುತ್ತದೆ. ಇವರು ಮದ್ರಾಸ್ ಐ ಅಂದುಕೊಂಡು ದಿನಕ್ಕೆರಡು ಸಲ ತುಳಸಿ ಎಲೆ ಜಜ್ಜಿ, ಬಟ್ಟೆಯಲ್ಲಿ ಹಿಂಡಿ ಬಿಟ್ಟುಕೊಂಡರು. ಎಲೆಯ ಮೇಲೆ ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರದ ಬೀಜಕಣ ಇದ್ದೇ ಇರುತ್ತವೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಕುಡಿದರೆ ಹೊಟ್ಟೆ ಹೇಗೋ ನಿಭಾಯಿಸುತ್ತದೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ, ಅಲ್ಲಿ ಕಾವಲು ಕಡಿಮೆ.

ಮೊದಲು ಉರಿ. ‘ಉರಿದರೆ ಕೆಲಸ ಮಾಡ್ತಿದೆ’ ಅಂದುಕೊಂಡರು. (ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.) ಆಮೇಲೆ ಬೆಳಕು ನೋಡಲಾಗಲಿಲ್ಲ, ದೃಷ್ಟಿ ಮಂಜಾಯಿತು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಆ ಹೊತ್ತಿಗೆ ಅದು ಹುಣ್ಣಾಗಿತ್ತು. ಡಾಕ್ಟರು ಅದರ ಅಂಚನ್ನು ಕೆರೆದು ಕೊಟ್ಟರು. ಸ್ಲೈಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ನೋಡಿದರೆ ಎಳೆ ಎಳೆಯಾಗಿ ಶಿಲೀಂಧ್ರ. ಶಿಲೀಂಧ್ರ ಕೊಲ್ಲುವ ನಾಟಮೈಸಿನ್ ಹನಿಯನ್ನು ಮೊದಲು ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ ಹಾಕಬೇಕಾಯಿತು. ಹುಣ್ಣು ಮಾಗಿತು, ಆದರೆ ಕಲೆ ನಡುವೆಯೇ ಉಳಿಯಿತು. ಕಲೆಯ ಮೂಲಕ ಬೆಳಕು ಸರಿಯಾಗಿ ಹೋಗುವುದಿಲ್ಲ. ಅಂಥವರಿಗೆ ದೃಷ್ಟಿ ಬೇಕೆಂದರೆ ಕಾರ್ನಿಯಾ ಕಸಿಯೇ ಆಗಬೇಕಾಗಬಹುದು.

ಶಿಲೀಂಧ್ರ ರಸದಿಂದಲೇ ಬಂತಾ, ಎಲೆ ತಾಗಿದಾಗಲೇ ಬಂದಿತ್ತಾ? ಹೇಳಲಾಗದು. ರಸ ಬಿಡುತ್ತಾ ಕಳೆದ ದಿನಗಳಲ್ಲಿ ಹುಣ್ಣು ಆಳಕ್ಕಿಳಿದದ್ದಂತೂ ನಿಜ.

ರೋಸ್ ವಾಟರ್ ನೀರಿನ ಹಾಗೆ ತಣ್ಣಗಿರುತ್ತದೆ, ಅದಕ್ಕೇ ಜನಕ್ಕೆ ಭಯವಿಲ್ಲ. ಮುಖಕ್ಕೆ ಹಚ್ಚಲು ಮಾಡಿದ್ದನ್ನು ಕಣ್ಣಿನ ಹನಿಯ ಹಾಗೆ ರೋಗಾಣು ಇಲ್ಲದಂತೆ ಮಾಡಿರುವುದಿಲ್ಲ. ಎಷ್ಟೋ ಬಾಟಲಿಗಳಲ್ಲಿ ಸುಗಂಧವೂ ಸೇರಿರುತ್ತದೆ. ತೆರೆದಿಟ್ಟ ಬಾಟಲಿಯಲ್ಲಿ ಸ್ಯುಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಗಾಯವಾದ ಕಾರ್ನಿಯಾಕ್ಕೆ ಅದು ಸೇರಿದರೆ ಒಂದೆರಡು ದಿನದಲ್ಲೇ ಕರಗಿಸಿಬಿಡಬಹುದು. ಇನ್ನು ಜೇನುತುಪ್ಪ. ಅದರಿಂದ ಕಣ್ಣಿನ ಔಷಧ ಮಾಡುತ್ತಾರೆ, ಅದು ನಿಜ. ಆದರೆ ಅದನ್ನು ಶುದ್ಧಗೊಳಿಸಿ, ಇಂತಿಷ್ಟೇ ಪ್ರಮಾಣ ಅಂತ ಹದಮಾಡಿ ಕೊಡುತ್ತಾರೆ. ಅಡುಗೆಮನೆಯ ಜೇನಿನಲ್ಲಿ ಹುಳಿಯಂಶ ಜಾಸ್ತಿ, ಬ್ಯಾಕ್ಟೀರಿಯಾದ ಬೀಜಕಣಗಳೂ ಇರಬಹುದು.

ಈಗ ಪುಟ್ಟನಿಗೆ ಏನು ಮಾಡಬೇಕು ಕೇಳು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಬಿಸಾಡು. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟರೆ ಹಿತವಾಗುತ್ತದೆ. ಅವನ ಟವೆಲ್ ಬೇರೆ ಇಡು, ಕೈ ಸೋಪಿನಲ್ಲಿ ತೊಳೆಯುತ್ತಿರು. ಮನೆಯಲ್ಲಿ ಉಳಿದ ಹಳೆಯ ಹನಿಯನ್ನೂ ಹಾಕಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಶಿಲೀಂಧ್ರವೋ ಹರ್ಪಿಸ್ ವೈರಸ್ಸೋ ಇದ್ದರೆ ಅದು ಬೆಳೆಯುತ್ತದೆ.

ಜಾಸ್ತಿ ನೋವು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಮಂಜು, ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಹುಟ್ಟಿ ತಿಂಗಳಾಗದ ಮಗುವಿಗಾದರೆ ಕೀವು ಕಂಡ ತಕ್ಷಣ ಓಡಬೇಕು.

ಅಷ್ಟರಲ್ಲಿ ಯಾರಾದರೂ ಏನಾದರೂ ಬಿಟ್ಟೇಬಿಟ್ಟಿದ್ದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕರೆದುಕೊಂಡು ಹೋಗು. ಬಯ್ದಾರು ಅಂತ ಡಾಕ್ಟರ ಹತ್ತಿರ ಮುಚ್ಚಿಡಬೇಡ. ಬಿಟ್ಟದ್ದು ಬಾಟಲಿಯದಾದರೆ ಬಾಟಲಿಯನ್ನೂ ಒಯ್ಯಿ, ಬೇಕಾದರೆ ಅದನ್ನೂ ಲ್ಯಾಬಿನಲ್ಲಿ ನೋಡುತ್ತಾರೆ.

ನಿನ್ನ ಅಮ್ಮ